ಹಳೆಯ ಪ್ರೊಪೋಸಲ್ ಇನ್ನೂ ಅವರ ಮೇಜಿನ ಮೇಲಿತ್ತು

2024 ಮಾರ್ಚ್ 14, ಗುರುವಾರ

ಇಂಟರ್‌ವ್ಯೂ ಮುಗಿದು ಇವತ್ತಿಗೆ ಏಳು ಕೆಲಸದ ದಿನ. ಕ್ಲೈಂಟ್ ಕಡೆಯಿಂದ ಒಂದು ಸಾಲೂ ಬಂದಿರಲಿಲ್ಲ. ಮಂಗಳವಾರ ನಾನೇ ಬರೆದಿದ್ದೆ: "ನಮ್ಮ ಪ್ರೊಪೋಸಲ್ ವಿಷಯದಲ್ಲಿ ಏನಾದರೂ ತೀರ್ಮಾನ ಆಯಿತೇ?" ಅದಕ್ಕೂ ಉತ್ತರವಿಲ್ಲ. ಇವತ್ತು ಬೆಳಗ್ಗೆ ಆ ಇಮೇಲನ್ನು ಮತ್ತೆ ತೆರೆದು ಓದಿದಾಗ ಕಾರಣ ಹೊಳೆಯಿತು. ಅದರಲ್ಲಿ ಅವರಿಗೆ ಉಪಯೋಗವಾಗುವಂಥದ್ದು ಏನೂ ಇರಲಿಲ್ಲ. ಉತ್ತರ ಕೊಡಬೇಕೆಂದರೆ ಅವರ ಹತ್ತಿರ ತೀರ್ಮಾನ ಇರಬೇಕು. ತೀರ್ಮಾನ ಇದ್ದಿದ್ದರೆ ನಾನು ಕೇಳುವ ಮೊದಲೇ ಹೇಳುತ್ತಿದ್ದರು.

ಕೆಲಸ ಡೇಟಾ ಮೈಗ್ರೇಶನ್. ಹಳೆಯ ಬಿಲ್ಲಿಂಗ್ ವ್ಯವಸ್ಥೆಯಲ್ಲಿರುವ ಗ್ರಾಹಕರ ದಾಖಲೆಗಳನ್ನು ಹೊಸದಕ್ಕೆ ಸಾಗಿಸಬೇಕು. ಫೆಬ್ರವರಿ 27ರಂದು ಪ್ರೊಪೋಸಲ್ ಕಳಿಸಿದ್ದೆ. 40 ದಿನಗಳ ಅಂದಾಜು, ದಿನದ ದರದ ಲೆಕ್ಕ, 30 ದಿನ ಸಿಂಧುತ್ವ, ಅಂದರೆ ಮಾರ್ಚ್ 28ರವರೆಗೆ. ಮಾರ್ಚ್ 5ರಂದು ಇಂಟರ್‌ವ್ಯೂ. ಆ ಕಡೆ ಮೂವರು: ಪ್ರಾಜೆಕ್ಟ್ ಮ್ಯಾನೇಜರ್ ಮೇಡಂ, ಅವರ ಐಟಿ ಮುಖ್ಯಸ್ಥರು, ಅಕೌಂಟ್ಸ್ ನೋಡಿಕೊಳ್ಳುವ ಒಬ್ಬರು ಹಿರಿಯರು. ಮಾತು ಚೆನ್ನಾಗಿಯೇ ನಡೆಯಿತು. ಮರುದಿನ ಧನ್ಯವಾದ ಹೇಳಿ ನಾಲ್ಕು ಸಾಲು ಬರೆದೆ.

ನಾನು ಎಡವಿದ್ದು ಆ ನಾಲ್ಕು ಸಾಲಿನಲ್ಲೇ. ಇಂಟರ್‌ವ್ಯೂ ನಡುವೆ ಐಟಿ ಮುಖ್ಯಸ್ಥರು ಹೇಳಿದ್ದ ಒಂದು ಮಾತು ನನ್ನ ನೋಟ್‌ಬುಕ್‌ನಲ್ಲಿ ಅಡಿಗೆರೆ ಸಮೇತ ಇದೆ: ಎರಡನೇ ಶಾಖೆಯವರು ಹಳೆಯ ವ್ಯವಸ್ಥೆಯನ್ನು ಬಳಸಿಯೇ ಇಲ್ಲ, ಅವರದೆಲ್ಲ ಎಕ್ಸೆಲ್ ಫೈಲುಗಳಲ್ಲಿದೆ. ನನ್ನ 40 ದಿನದ ಅಂದಾಜು ನಿಂತಿದ್ದೇ ಡೇಟಾ ಒಂದೇ ಕಡೆ ಇದೆ ಎನ್ನುವುದರ ಮೇಲೆ. ಆ ಮಾತು ಬಂದ ಗಳಿಗೆಯಲ್ಲೇ ನನ್ನ ಪ್ರೊಪೋಸಲ್ ಹಳತಾಗಿಹೋಯಿತು. ಅದು ನನಗೂ ಗೊತ್ತಿತ್ತು, ಆ ಮೂವರಿಗೂ ಗೊತ್ತಿತ್ತು. ಆದರೂ ಅದನ್ನೇ ಮುಂದಿಟ್ಟುಕೊಂಡು ತೀರ್ಮಾನ ಕೇಳಿದ್ದೆ.

ಎರಡು ಕಡೆಯ ಡೇಟಾ ಎಂದರೆ ಕೆಲಸ ಎಷ್ಟು ಬೆಳೆಯುತ್ತದೆ ಎಂದು ಇಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಹಳೆಯ ವ್ಯವಸ್ಥೆಯಲ್ಲಿ ಗ್ರಾಹಕರ ಕೋಡ್ ಆರು ಅಂಕಿಯದು, ಉದಾಹರಣೆಗೆ 004512. ಅದನ್ನು ಎಕ್ಸೆಲ್‌ನಲ್ಲಿ ಸಾಮಾನ್ಯ ಕೋಶಕ್ಕೆ ಟೈಪ್ ಮಾಡಿದರೆ ಅದು ಸಂಖ್ಯೆ ಎಂದುಕೊಂಡು ಮುಂದಿನ ಸೊನ್ನೆಗಳನ್ನು ಬಿಟ್ಟು 4512 ಎಂದು ಉಳಿಸಿಕೊಳ್ಳುತ್ತದೆ. ಇದು ಸಣ್ಣ ರಿಪೇರಿ, ಸೊನ್ನೆ ಮತ್ತೆ ತುಂಬಿದರಾಯಿತು. ಕಷ್ಟ ಬೇರೆ ಕಡೆ ಇದೆ. ಎರಡನೇ ಶಾಖೆಯವರು ತಮ್ಮಷ್ಟಕ್ಕೆ ತಾವೇ ಕೋಡ್ ಕೊಟ್ಟುಕೊಂಡಿದ್ದರೆ 4512 ಅಲ್ಲಿ ಒಬ್ಬ ಗ್ರಾಹಕ, ಇಲ್ಲಿ ಇನ್ನೊಬ್ಬ. ಆಗ ಸೊನ್ನೆ ತುಂಬಿ ಎರಡನ್ನೂ ಕೂಡಿಸಿದರೆ ಒಬ್ಬರ ಬಾಕಿ ಮತ್ತೊಬ್ಬರ ಖಾತೆಗೆ ಹೋಗಿ ಕೂರುತ್ತದೆ. ಯಾವ ಎರರ್ ಕೂಡ ತೋರಿಸುವುದಿಲ್ಲ, ಒಟ್ಟು ಮೊತ್ತವೂ ಸರಿಯಾಗಿಯೇ ತಾಳೆಯಾಗುತ್ತದೆ. ಗೊತ್ತಾಗುವುದು ಗ್ರಾಹಕರು ಫೋನ್ ಮಾಡಿ ಜಗಳ ತೆಗೆದಾಗ. ಹಾಗಾಗಿ ಹೆಸರು, ವಿಳಾಸ, ಫೋನ್ ಇಟ್ಟುಕೊಂಡು ಹೊಂದಿಸಬೇಕು, ಅನುಮಾನ ಬಂದದ್ದನ್ನು ಅವರ ಸಿಬ್ಬಂದಿ ಕಣ್ಣಿಂದ ನೋಡಿ ಹೇಳಬೇಕು. ಅನುಮಾನದ ದಾಖಲೆಗಳು ನೂರಿವೆಯೋ ಸಾವಿರವಿವೆಯೋ, ಫೈಲು ನೋಡದೆ ಯಾರೂ ಹೇಳಲಾರರು.

ಹನ್ನೊಂದು ಗಂಟೆಗೆ ಪ್ರಾಜೆಕ್ಟ್ ಮ್ಯಾನೇಜರ್‌ಗೆ ಫೋನ್ ಮಾಡಿದೆ. ಈ ಸಲ ತೀರ್ಮಾನ ಕೇಳಲಿಲ್ಲ. "ಮೇಡಂ, ಎಕ್ಸೆಲ್ ಫೈಲುಗಳ ವಿಷಯ ಬಂದ ಮೇಲೆ ನನ್ನ ಪ್ರೊಪೋಸಲ್ ಸರಿಹೊಂದುವುದಿಲ್ಲ. ತಿದ್ದಿ ಕಳಿಸುತ್ತೇನೆ. ಅದಕ್ಕೆ ಮೊದಲು, ನಿಮ್ಮಲ್ಲಿ ಯಾರಿಗೆ ಯಾವ ಪ್ರಶ್ನೆ ಉಳಿದಿದೆ ಅಂತ ಹೇಳ್ತೀರಾ?" ಎಂದೆ.

ಅವರ ದನಿಯೇ ಸಡಿಲವಾಯಿತು. "ನನಗೂ ಐಟಿಯವರಿಗೂ ಒಪ್ಪಿಗೆ ಇದೆ. ಅಕೌಂಟ್ಸ್ ಸರ್ ಒಂದೇ ಮಾತು ಹಿಡಿದು ಕೂತಿದ್ದಾರೆ. ದಿನದ ಲೆಕ್ಕ ಅಂದಮೇಲೆ ದಿನ ಜಾಸ್ತಿಯಾದರೆ ಯಾರು ಹೊರೋದು ಅಂತ. ನನ್ನ ಹತ್ತಿರ ಉತ್ತರ ಇಲ್ಲ, ನಿಮ್ಮ ಕಾಗದದಲ್ಲೂ ಇಲ್ಲ" ಎಂದರು.

ಇಂಟರ್‌ವ್ಯೂನಲ್ಲಿ ಆ ಹಿರಿಯರು ಆಡಿದ್ದು ಎರಡೇ ಮಾತು. ನಾನು ಅವರನ್ನು ಹೆಚ್ಚು ಗಮನಿಸಿರಲೂ ಇಲ್ಲ. ಸಹಿ ಹಾಕುವವರು ಅವರೇ.

ಊಟ ಮುಂದೂಡಿ ಎರಡನೇ ಆವೃತ್ತಿ ಬರೆದೆ. ಇಡೀ ಕೆಲಸಕ್ಕೆ ನಿಗದಿತ ಮೊತ್ತ ಹೇಳಿಬಿಟ್ಟರೆ ಅವರಿಗೆ ನೆಮ್ಮದಿ, ಆದರೆ ನೋಡದ ಫೈಲಿನ ಮೇಲೆ ಪಣ ಕಟ್ಟಿದ ಹಾಗೆ. ಅಪಾಯಕ್ಕೆಂದು ಮೊತ್ತ ಉಬ್ಬಿಸಿದರೆ ಅವರಿಗೆ ಅನ್ಯಾಯ. ಆದ್ದರಿಂದ ಕೆಲಸವನ್ನೇ ಎರಡು ಹಂತವಾಗಿ ಸೀಳಿದೆ. ಮೊದಲ ಹಂತ 8 ದಿನ, ಮೊತ್ತ ನಿಗದಿತ, ಹೆಚ್ಚಾದರೆ ನನ್ನದೇ ಹೊಣೆ. ಹಿಂದೆ ಡೇಟಾ ಪರಿಶೀಲನೆಗೆ 6 ದಿನ ಇಟ್ಟಿದ್ದೆ, ಎಕ್ಸೆಲ್ ಫೈಲುಗಳಿಗೆ 2 ಸೇರಿಸಿದೆ. ಇದರ ಕೊನೆಯಲ್ಲಿ ಅವರ ಕೈಗೆ ಒಂದು ವರದಿ ಬರುತ್ತದೆ: ಎಷ್ಟು ದಾಖಲೆ ತಾನಾಗಿ ಹೊಂದುತ್ತವೆ, ಎಷ್ಟನ್ನು ಮನುಷ್ಯರೇ ನೋಡಬೇಕು. ಎರಡನೇ ಹಂತಕ್ಕೆ ಈಗ ಹೇಳಬಲ್ಲದ್ದು 38ರಿಂದ 46 ದಿನ. ಹಳೆಯ ಅಂದಾಜಿನಲ್ಲಿ ಉಳಿದ 34 ದಿನ, ಜೊತೆಗೆ ಹೊಂದಿಸುವ ಕೆಲಸಕ್ಕೆ 4ರಿಂದ 12. ವರದಿ ಬಂದ ಮೇಲೆ ಇದಕ್ಕೂ ನಿಗದಿತ ಮೊತ್ತ ಕೊಡುತ್ತೇನೆ. ಒಪ್ಪಿಗೆಯಾಗದಿದ್ದರೆ ಅವರು ಅಲ್ಲಿಗೇ ನಿಲ್ಲಿಸಬಹುದು, ವರದಿ ಅವರದೇ, ಬೇರೆಯವರ ಕೈಲೂ ಮುಂದುವರಿಸಬಹುದು.

ಅಕೌಂಟ್ಸ್ ಸರ್ ಪ್ರಶ್ನೆಗೆ ಪ್ರತ್ಯೇಕ ಪ್ಯಾರಾ ಬರೆದೆ. ಕಾಗದದಲ್ಲಿ ಬರೆದ ಕೆಲಸಕ್ಕೆ ದಿನ ಹೆಚ್ಚಾದರೆ ಅದು ನನ್ನ ಮೇಲೆ. ವರದಿಯಾದ ನಂತರ ಹೊಸ ಫೈಲು ಬಂದರೆ, ಅಥವಾ ಅನುಮಾನದ ದಾಖಲೆಗಳಿಗೆ ಅವರ ಕಡೆಯಿಂದ 5 ಕೆಲಸದ ದಿನದೊಳಗೆ ಉತ್ತರ ಬರದೆ ಕೆಲಸ ನಿಂತರೆ, ಅದರ ದಿನಗಳನ್ನು ಮೊದಲೇ ಬರೆದು ತಿಳಿಸಿ ಒಪ್ಪಿಗೆ ಪಡೆದೇ ಲೆಕ್ಕಕ್ಕೆ ಹಿಡಿಯುವುದು. ಸಿಂಧುತ್ವದ ದಿನಾಂಕವನ್ನೂ ಏಪ್ರಿಲ್ 12ಕ್ಕೆ ತಿದ್ದಿದೆ. ಹಳೆಯದನ್ನು ಹಿಂದಕ್ಕೆ ಪಡೆದಿದ್ದೇನೆ ಎಂದು ಸ್ಪಷ್ಟವಾಗಿ ಬರೆದೆ, ಇಲ್ಲದಿದ್ದರೆ 28ರೊಳಗೆ ಯಾರಾದರೂ ಅದಕ್ಕೇ ಸಹಿ ಹಾಕಿ ಕಳಿಸಬಹುದು.

ಇಮೇಲ್ ಮಾತ್ರ ಚಿಕ್ಕದು. ಬದಲಾದದ್ದು ಏನು, ಯಾಕೆ, ಅವರು ಮುಂದೆ ಮಾಡಬೇಕಾದದ್ದು ಏನು. ಮ್ಯಾನೇಜರ್ ಅದನ್ನು ಹಾಗೆಯೇ ಅಕೌಂಟ್ಸ್ ಸರ್‌ಗೆ ಕಳಿಸುವ ಹಾಗಿರಬೇಕು ಎಂದು ಎರಡು ಸಲ ತಿದ್ದಿದೆ. ನನ್ನ ಪರವಾಗಿ ಒಳಗೆ ಮಾತಾಡಬೇಕಾದವರು ಅವರು, ಅವರ ಕೈ ಬರಿದಾಗಿರಬಾರದು.

ಎರಡೂವರೆಗೆ ಕಳಿಸಿದೆ. ನಾಲ್ಕೂವರೆಗೆ ಎರಡು ಉತ್ತರ ಬಂದವು. ಒಂದು ಖರೀದಿ ವಿಭಾಗದಿಂದ, ವೆಂಡರ್ ನೋಂದಣಿ ಫಾರ್ಮ್ ತುಂಬಿ ಕಳಿಸಿ ಎಂದು. ಅದು ಒಪ್ಪಿಗೆ ಅಲ್ಲ, ಆದರೆ ಕಡತ ಒಂದು ಮೇಜಿನಿಂದ ಮುಂದಿನದಕ್ಕೆ ಹೋಗಿದೆ. ಇನ್ನೊಂದು ಐಟಿ ಮುಖ್ಯಸ್ಥರದು: "ಎಕ್ಸೆಲ್ ಫೈಲು ಕಳಿಸ್ತೀನಿ, ಸೋಮವಾರದೊಳಗೆ ಒಂದು ಸಲ ಕಣ್ಣಾಡಿಸಿ ಹೇಳ್ತೀರಾ?"

ನೋಡುವ ಆಸೆ ನನಗೂ ಇದೆ. ಆದರೆ ಅದರಲ್ಲಿ ಗ್ರಾಹಕರ ಹೆಸರು, ಫೋನ್, ಬಾಕಿ ಎಲ್ಲ ಇರುತ್ತದೆ. ಗೌಪ್ಯತೆಯ ಒಪ್ಪಂದಕ್ಕೆ ಇನ್ನೂ ಸಹಿ ಆಗಿಲ್ಲ. ಮೇಲಾಗಿ ಆ ಕಣ್ಣಾಡಿಸುವ ಕೆಲಸವೇ ನನ್ನ ಮೊದಲ ಹಂತ. "ಸರ್, ದಯವಿಟ್ಟು ಫೈಲು ಈಗಲೇ ಕಳಿಸಬೇಡಿ. ಗೌಪ್ಯತೆ ಒಪ್ಪಂದದ ಕರಡು ಲಗತ್ತಿಸಿದ್ದೇನೆ. ಅದಕ್ಕೂ ಮೊದಲ ಹಂತದ ಒಪ್ಪಂದಕ್ಕೂ ಸಹಿಯಾದ ಮರುದಿನವೇ ಶುರು ಮಾಡುತ್ತೇನೆ. ಅಲ್ಲಿಯವರೆಗೆ ಕಾಲಂಗಳ ಹೆಸರು ಮತ್ತು ಒಟ್ಟು ಎಷ್ಟು ಸಾಲುಗಳಿವೆ ಎಂದಷ್ಟು ತಿಳಿಸಿದರೆ ಸಾಕು" ಎಂದು ಬರೆದೆ. ಆರು ಗಂಟೆಗೆ ಕಾಲಂಗಳ ಪಟ್ಟಿ ಬಂತು. ಕೋಡ್ ಕಾಲಂ ಎರಡಿವೆ.