ಸಸಿಹಿತ್ಲು ಅಳಿವೆ ಪ್ರಾಜೆಕ್ಟ್: ಹೈದರಾಬಾದಿಗೆ ಹೋದ ಪತ್ರ

ಶಾಂಭವಿ, ನಂದಿನಿ ಎರಡೂ ಹೊಳೆಗಳು ಸೇರಿ ಕಡಲಿಗೆ ಬೀಳುವ ಸಸಿಹಿತ್ಲಿನ ಮರಳು ದಿಣ್ಣೆಯನ್ನು ನಮ್ಮ ಹೈಸ್ಕೂಲ್ ಮಕ್ಕಳು ಉಪಗ್ರಹ ಚಿತ್ರದಲ್ಲಿ ಅಳೆಯುತ್ತಿದ್ದಾರೆ. ದಡ ವರ್ಷದಿಂದ ವರ್ಷಕ್ಕೆ ಎಷ್ಟು ಸರಿದಿದೆ ಎಂದು ತಿಳಿಯುವುದು ಉದ್ದೇಶ. ಇಷ್ಟರವರೆಗೆ ಕೆಲಸ ನಡೆದದ್ದು ಇಸ್ರೋದ ಉಪಗ್ರಹ ರಿಸೋರ್ಸ್‌ಸ್ಯಾಟ್‌ನ ಲಿಸ್-4 ಕ್ಯಾಮೆರಾ ತೆಗೆದ ಚಿತ್ರಗಳಲ್ಲಿ. ಅದರ ಒಂದು ಪಿಕ್ಸೆಲ್ ಎಂದರೆ ನೆಲದ ಮೇಲೆ 5.8 ಮೀಟರ್. ಎರಡು ವರ್ಷದ ಚಿತ್ರಗಳಲ್ಲಿ ದಡದ ಗೆರೆ ಎಳೆಯುವಾಗ ತಲಾ ಒಂದು ಪಿಕ್ಸೆಲ್ ಆಚೀಚೆ ಆದರೂ, ಎರಡು ತಪ್ಪುಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ, ಒಟ್ಟು ತಪ್ಪು ಸುಮಾರು 8 ಮೀಟರ್ ಆಗುತ್ತದೆ. ಹಾಗಿರುವಾಗ "ದಡ 5 ಮೀಟರ್ ಹಿಂದೆ ಸರಿದಿದೆ" ಎಂದು ಚಾರ್ಟಿನಲ್ಲಿ ಬರೆದರೆ ಅದಕ್ಕೆ ಅರ್ಥವಿಲ್ಲ. ಕಾರ್ಟೊಸ್ಯಾಟ್-1 ಉಪಗ್ರಹದ 2.5 ಮೀಟರ್ ಪಿಕ್ಸೆಲ್‌ನ ಚಿತ್ರ ಸಿಕ್ಕಿದರೆ ಅದೇ ತಪ್ಪು ಮೂರೂವರೆ ಮೀಟರಿಗೆ ಇಳಿಯುತ್ತದೆ. ಹೈದರಾಬಾದಿನ ರಾಷ್ಟ್ರೀಯ ದೂರ ಸಂವೇದಿ ಕೇಂದ್ರಕ್ಕೆ ಪತ್ರ ಬರೆಯಲು ಕಾರಣ ಇಷ್ಟೇ.

ಪತ್ರದ ಮೊದಲ ಕರಡನ್ನು ಮಕ್ಕಳೇ ಬರೆದರು: "ನಮ್ಮ ಊರಿನ ಒಳ್ಳೆಯ ಚಿತ್ರ ಕಳುಹಿಸಿಕೊಡಿ." ಹಾಗೆ ಕೇಳಿದರೆ ಅಲ್ಲಿಯವರಾದರೂ ಏನು ಮಾಡಿಯಾರು? ನಾವು ತಿದ್ದಿ ಬರೆದದ್ದು ಹೀಗೆ:

"ಉತ್ತರ ಅಕ್ಷಾಂಶ 13.05ರಿಂದ 13.10, ಪೂರ್ವ ರೇಖಾಂಶ 74.76ರಿಂದ 74.80ರ ಒಳಗಿನ, ಸುಮಾರು 24 ಚದರ ಕಿ.ಮೀ. ಪ್ರದೇಶದ ಕಾರ್ಟೊಸ್ಯಾಟ್-1 ಚಿತ್ರ ಬೇಕಾಗಿದೆ. ಡಿಸೆಂಬರ್‌ನಿಂದ ಮಾರ್ಚ್ ಒಳಗೆ ತೆಗೆದ, ಅಳಿವೆಯ ಮೇಲೆ ಮೋಡವಿಲ್ಲದ, ಸಾಧ್ಯವಾದಷ್ಟು ವರ್ಷ ಅಂತರವಿರುವ ಎರಡು ಚಿತ್ರಗಳಾದರೆ ಸಾಕು. ಜಿಯೋಟಿಫ್ ರೂಪದಲ್ಲಿ, EPSG:32643 ಪ್ರಕ್ಷೇಪದಲ್ಲಿ, ಚಿತ್ರ ತೆಗೆದ ದಿನಾಂಕ ಮತ್ತು ಸಮಯದೊಂದಿಗೆ ಕೊಡಬೇಕಾಗಿ ವಿನಂತಿ."

ಜಿಯೋಟಿಫ್ ಎಂದರೆ ಸ್ಥಳದ ಗುರುತು ಜೊತೆಗೇ ಇರುವ ಚಿತ್ರ ಫೈಲು, EPSG:32643 ಎಂದರೆ ಮೀಟರಿನಲ್ಲಿ ಅಳೆಯಲು ಬರುವ ಒಂದು ನಕ್ಷೆ ಪದ್ಧತಿ. ಸಮಯ ಯಾಕೆ ಬೇಕೆಂದರೆ ಉಬ್ಬರ-ಇಳಿತದ ಲೆಕ್ಕಕ್ಕೆ. ಈ ಉಪಗ್ರಹಗಳು ನಮ್ಮ ಮೇಲೆ ಹಾದುಹೋಗುವುದು ಬೆಳಿಗ್ಗೆ ಹತ್ತೂವರೆ-ಹನ್ನೊಂದರ ಸುಮಾರಿಗೆ, ಆದರೆ ಆ ಹೊತ್ತಿಗೆ ಕಡಲು ಒಂದು ದಿನ ಏರಿರುತ್ತದೆ, ಇನ್ನೊಂದು ದಿನ ಇಳಿದಿರುತ್ತದೆ. ಮೂವತ್ತು ಮೀಟರ್ ನಡೆದರೆ ಒಂದು ಮೀಟರ್ ಇಳಿಯುವಂಥ ಮರಳ ದಡವೆಂದಿಟ್ಟುಕೊಳ್ಳಿ. ನೀರು ಒಂದು ಮೀಟರ್ ಏರಿದರೆ ಗೆರೆ ಮೂವತ್ತು ಮೀಟರ್ ಒಳಗೆ ಬಂತು. ಕಡಲ್ಕೊರೆತ ಅಲ್ಲ ಅದು, ಬರೀ ಭರತ! ಚಿತ್ರ ಎಷ್ಟೇ ಸೂಕ್ಷ್ಮವಾಗಿದ್ದರೂ ಇದನ್ನು ಅದು ಸರಿಮಾಡಿ ಕೊಡುವುದಿಲ್ಲ. ಮೀನುಗಾರರ ಮನೆಯ ಹುಡುಗನಿಗೆ ಇದನ್ನು ವಿವರಿಸಬೇಕಾಗಲಿಲ್ಲ, ಅವನೇ ಉಳಿದವರಿಗೆ ಹೇಳಿಕೊಟ್ಟ.

ಹೆಚ್ಚು ತಲೆ ಕೆಡಿಸಿದ್ದು ಪರವಾನಗಿ. ಭಾರತೀಯ ಬಾಹ್ಯಾಕಾಶ ನೀತಿ 2023ರ ಪ್ರಕಾರ 5 ಮೀಟರ್ ಮತ್ತು ಅದಕ್ಕಿಂತ ದೊಡ್ಡ ಪಿಕ್ಸೆಲ್‌ನ ಚಿತ್ರಗಳು ಎಲ್ಲರಿಗೂ ಉಚಿತ. ಅದಕ್ಕಿಂತ ಸೂಕ್ಷ್ಮವಾದವು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಉಚಿತ, ಉಳಿದವರಿಗೆ ಬೆಲೆ ಉಂಟು. ನಮ್ಮದು ಅನುದಾನಿತ ಶಾಲೆ. ಸಂಬಳ ಸರ್ಕಾರದ್ದು, ಆಡಳಿತ ಮಂಡಳಿ ಖಾಸಗಿ. ನಾವು ಯಾವ ಸಾಲಿನಲ್ಲಿ ನಿಲ್ಲಬೇಕು? ಊಹೆ ಮಾಡುವುದು ಬೇಡವೆಂದು ಅದನ್ನೇ ಪತ್ರದಲ್ಲಿ ನೇರವಾಗಿ ಕೇಳಿದೆವು. ಬೆಲೆ ಕೊಡಬೇಕಾದರೆ ಮೊದಲು ಅಂದಾಜು ತಿಳಿಸಿ ಎಂದೂ ಸೇರಿಸಿದೆವು.

"ಸರ್, ನಾವು ಎಳೆದ ಗೆರೆಯನ್ನು ಪಂಚಾಯತಿಗೆ ಕೊಡಬಹುದಾ?" ಎಂದು ಒಬ್ಬಳು ಕೇಳಿದಳು. ಪ್ರಶ್ನೆ ಸಣ್ಣದಲ್ಲ. ಮೂಲ ಫೈಲು ಒಂದು, ಅದರಿಂದ ಮುದ್ರಿಸಿದ ಚಿತ್ರ ಇನ್ನೊಂದು, ಚಿತ್ರ ನೋಡಿ ನಾವು ಎಳೆದ ಗೆರೆ ಮತ್ತೊಂದು. ಮೂರಕ್ಕೂ ಒಂದೇ ನಿಯಮ ಇರಬೇಕೆಂದಿಲ್ಲ. ಆದ್ದರಿಂದ "ಶೈಕ್ಷಣಿಕ ಬಳಕೆಗೆ ಅನುಮತಿ ಕೊಡಿ" ಎಂಬ ಒಂದೇ ಸಾಲಿನ ಬದಲು ಹೀಗೆ ಬರೆದೆವು:

"ಮೂಲ ಫೈಲನ್ನು ಶಾಲೆಯ ಒಂದು ಕಂಪ್ಯೂಟರಿನಲ್ಲಿ ಮಾತ್ರ ಇಡುತ್ತೇವೆ, ಯಾರಿಗೂ ಹಂಚುವುದಿಲ್ಲ. ಮುಂದಿನ ವರ್ಷದ ವಿದ್ಯಾರ್ಥಿಗಳು ಅದನ್ನೇ ಬಳಸಬಹುದೇ, ಅಥವಾ ಪ್ರಾಜೆಕ್ಟ್ ಮುಗಿದ ಮೇಲೆ ಅಳಿಸಬೇಕೇ? ವಿಜ್ಞಾನ ವಸ್ತುಪ್ರದರ್ಶನದಲ್ಲಿ ಮುದ್ರಿತ ಚಿತ್ರ ತೂಗುಹಾಕಬಹುದೇ? ಹಾಕಬಹುದಾದರೆ ಕೃಪೆ ಎಂದು ಯಾವ ಪದಗಳಲ್ಲಿ ಬರೆಯಬೇಕು? ದಡದ ಗೆರೆಯ ದತ್ತಾಂಶವನ್ನು ಚಿತ್ರವಿಲ್ಲದೆ ಗ್ರಾಮ ಪಂಚಾಯತಿಗೆ ಕೊಡಲು ಅನುಮತಿ ಬೇಕೇ?"

ಯುರೋಪಿನ ಸೆಂಟಿನೆಲ್-2 ಚಿತ್ರಗಳಿಗೆ ಇಷ್ಟೆಲ್ಲ ಕೇಳಬೇಕಾಗಿಲ್ಲ, ಮೂಲ ಹೇಳಿದರೆ ಹಂಚಿಕೊಳ್ಳಬಹುದು. ಆದರೆ ಅದರ ಪಿಕ್ಸೆಲ್ 10 ಮೀಟರ್, ನಮ್ಮ ದಿಣ್ಣೆಗೆ ಒರಟಾಯಿತು.

ಹೆಡ್‌ಮಾಸ್ಟರರ ಸಹಿ, ಮೊಹರು ಬಿದ್ದು ಶಾಲೆಯ ಲೆಟರ್‌ಹೆಡ್‌ನಲ್ಲೇ ಪತ್ರ ಹೋಗಿದೆ. ಜೊತೆಗೆ ಪ್ರದೇಶದ ಚೌಕ ಗುರುತಿಸಿದ ನಕ್ಷೆಯ ಒಂದು ಪುಟವೂ ಉಂಟು.

ಉತ್ತರ ಬರುವವರೆಗೆ ಲಿಸ್-4ರಲ್ಲೇ ನೀರಿನ ಗೆರೆ ಬಿಟ್ಟು ಗಿಡಗಳ ಗೆರೆ ಹಿಡಿಯುತ್ತೇವೆ. ಅದು ದಿನದ ಭರತ-ಇಳಿತಕ್ಕೆ ಅಲುಗಾಡುವುದಿಲ್ಲ, ಮತ್ತು ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಬ್ಯಾಂಡನ್ನು ಕೆಂಪು ಬಣ್ಣದಲ್ಲಿ ತೋರಿಸಿದರೆ ಗಾಳಿಮರಗಳು ಮರಳಿನಿಂದ ಸ್ಪಷ್ಟವಾಗಿ ಬೇರೆಯಾಗಿ ಕಾಣುತ್ತವೆ. ಅದಕ್ಕೂ ಮೊದಲು ಮೂಲ್ಕಿ ಹೆದ್ದಾರಿ ಸೇತುವೆಯ ಎರಡೂ ತುದಿಗಳು ಎರಡು ಚಿತ್ರಗಳಲ್ಲೂ ಒಂದರ ಮೇಲೊಂದು ಕೂರುತ್ತವೆಯೇ ನೋಡಬೇಕು. ಸೇತುವೆಯೇ ಸರಿದಂತೆ ಕಂಡರೆ ದಡ ಸರಿದ ಲೆಕ್ಕವನ್ನು ಆ ಚಿತ್ರಗಳಿಂದ ಮಾಡುವ ಹಾಗಿಲ್ಲ.