ಒಬ್ಬ ವಿದ್ಯಾರ್ಥಿಗೆ ಒಂದೇ ಸಾಲು: ಫಲಿತಾಂಶದ ದಿನದ ಜಾಹೀರಾತಿನ ಲೆಕ್ಕ

ಸಿಇಟಿ ಮತ್ತು ನೀಟ್ ತರಬೇತಿ ನೀಡುವ ಸಂಸ್ಥೆಯೊಂದರಲ್ಲಿ ಪ್ರವೇಶಾತಿ ಜಾಹೀರಾತುಗಳನ್ನು ಸಿದ್ಧಪಡಿಸುವುದು ನನ್ನ ಕೆಲಸ. ಫಲಿತಾಂಶ ಪ್ರಕಟವಾದ ದಿನ ಸಂಜೆಯೊಳಗೆ ಪತ್ರಿಕೆಗೆ ಜಾಹೀರಾತು ಹೋಗಬೇಕು, ಮರುದಿನ ಬೆಳಿಗ್ಗೆ ಊರಿನ ವೃತ್ತಗಳಲ್ಲಿ ಫ್ಲೆಕ್ಸ್ ಎದ್ದು ನಿಂತಿರಬೇಕು. ಸುಳ್ಳು ಹೇಳಬೇಕೆಂದು ಯಾರೂ ನಿರ್ಧರಿಸದಿದ್ದರೂ ಆ ಕೆಲವು ಗಂಟೆಗಳಲ್ಲಿ ಸುಳ್ಳು ಜಾಹೀರಾತು ತಾನಾಗಿಯೇ ರೂಪುಗೊಳ್ಳುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅದರೊಳಗಿನ ಒಂದೊಂದು ಅಂಕಿಯೂ ಬಿಡಿಯಾಗಿ ನಿಜವೇ ಆಗಿರುತ್ತದೆ. ಅವುಗಳನ್ನು ಕೂಡಿಸಿದ ಬಗೆ ಮಾತ್ರ ಓದುವವರನ್ನು ದಾರಿ ತಪ್ಪಿಸುತ್ತದೆ.

ನಮ್ಮ ರಾಜ್ಯದಲ್ಲಿ ಇದಕ್ಕೆ ಎಲ್ಲಕ್ಕಿಂತ ಹೆಚ್ಚು ಅವಕಾಶವಿರುವುದು ಸಿಇಟಿ ಫಲಿತಾಂಶದಲ್ಲಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಒಂದೇ ರ‍್ಯಾಂಕ್ ಪಟ್ಟಿಯನ್ನು ಕೊಡುವುದಿಲ್ಲ. ಎಂಜಿನಿಯರಿಂಗ್, ಕೃಷಿ ವಿಜ್ಞಾನ, ಪಶುವೈದ್ಯಕೀಯ, ಯೋಗ ಮತ್ತು ಪ್ರಕೃತಿ ಚಿಕಿತ್ಸೆ, ಬಿ.ಫಾರ್ಮ, ನರ್ಸಿಂಗ್ ಹೀಗೆ ಬೇರೆ ಬೇರೆ ಪಟ್ಟಿಗಳಿರುತ್ತವೆ. ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ನಾಲ್ಕನ್ನೂ ಓದಿ ನಾಲ್ಕು ಪತ್ರಿಕೆಗಳನ್ನೂ ಬರೆದ ವಿದ್ಯಾರ್ಥಿಗೆ ಇವುಗಳಲ್ಲಿ ಹಲವು ಪಟ್ಟಿಗಳಲ್ಲಿ ರ‍್ಯಾಂಕ್ ಬರುತ್ತದೆ. ಉದಾಹರಣೆಗೆ, ಒಂದು ಸಂಸ್ಥೆಯ ಹನ್ನೆರಡು ವಿದ್ಯಾರ್ಥಿಗಳು ಐದೈದು ಪಟ್ಟಿಗಳಲ್ಲಿ ಮೊದಲ ಸಾವಿರದೊಳಗೆ ಬಂದಿದ್ದಾರೆ ಎಂದಿಟ್ಟುಕೊಳ್ಳಿ. ಪ್ರತಿ ಪಟ್ಟಿಯಿಂದಲೂ ರ‍್ಯಾಂಕ್‌ಗಳನ್ನು ಎಣಿಸುತ್ತಾ ಹೋದರೆ ‘ಸಾವಿರದೊಳಗೆ 60 ರ‍್ಯಾಂಕ್’ ಎಂಬ ಸಾಲು ಸಿದ್ಧವಾಗುತ್ತದೆ. ಅದನ್ನು ಓದುವ ಪೋಷಕರು ಅರವತ್ತು ಮಕ್ಕಳನ್ನು ಕಣ್ಣ ಮುಂದೆ ತಂದುಕೊಳ್ಳುತ್ತಾರೆಯೇ ಹೊರತು ಹನ್ನೆರಡು ಮಕ್ಕಳನ್ನಲ್ಲ. ಅಂಥ ಫ್ಲೆಕ್ಸ್ ಕಂಡಾಗ ಸಂಖ್ಯೆಯನ್ನು ಬದಿಗಿಟ್ಟು ಮುಖಗಳನ್ನು ಎಣಿಸಿ ನೋಡಿ: ಪಶುವೈದ್ಯಕೀಯದ ಸಾಲಿನಲ್ಲಿರುವ ಹುಡುಗಿಯೇ ಕೃಷಿಯ ಸಾಲಿನಲ್ಲೂ ಬಿ.ಫಾರ್ಮ ಸಾಲಿನಲ್ಲೂ ಇರುತ್ತಾಳೆ, ಕೆಲವೊಮ್ಮೆ ಬೇರೆ ಬೇರೆ ಫೋಟೊಗಳಲ್ಲಿ.

ಈ ಕಾರಣಕ್ಕೆ ನಮ್ಮ ಕಚೇರಿಯಲ್ಲಿ ಜಾಹೀರಾತಿನ ಕೆಲಸ ಫಲಿತಾಂಶದ ದಿನ ಆರಂಭವಾಗುವುದಿಲ್ಲ, ಪರೀಕ್ಷೆಗೆ ಮೊದಲೇ ಆರಂಭವಾಗುತ್ತದೆ. ಒಬ್ಬ ವಿದ್ಯಾರ್ಥಿಗೆ ಒಂದೇ ಸಾಲು ಎಂಬ ನಿಯಮದಲ್ಲಿ ಒಂದು ದಾಖಲೆಯನ್ನು ಇಡುತ್ತೇವೆ. ಪ್ರವೇಶ ಸಂಖ್ಯೆ, ಸೇರಿದ ತಿಂಗಳು, ತೆಗೆದುಕೊಂಡ ಕೋರ್ಸ್, ಶುಲ್ಕದ ರಸೀದಿ ಮತ್ತು ಸಿಇಟಿ ಅರ್ಜಿ ಸಂಖ್ಯೆ ಅದರಲ್ಲಿರುತ್ತವೆ. ಪ್ರತಿ ಪಟ್ಟಿಯ ರ‍್ಯಾಂಕ್‌ಗೂ ಅದೇ ಸಾಲಿನಲ್ಲಿ ಪ್ರತ್ಯೇಕ ಅಂಕಣವಿರುತ್ತದೆ. ಎರಡು ವರ್ಷ ತರಗತಿಗೆ ಬಂದವರು, ರಿಪೀಟರ್ ಬ್ಯಾಚಿನವರು, ಕ್ರ್ಯಾಶ್ ಕೋರ್ಸಿನವರು ಮತ್ತು ಕೇವಲ ಟೆಸ್ಟ್ ಸಿರೀಸ್ ತೆಗೆದುಕೊಂಡವರು ಒಂದೇ ಗುಂಪಿನಲ್ಲಿ ಬೆರೆಯುವುದಿಲ್ಲ. ಪರೀಕ್ಷೆಗೆ ಮೊದಲು ಈ ದಾಖಲೆಯ ಒಂದು ಪ್ರತಿಯನ್ನು ಮುದ್ರಿಸಿ, ಲೆಕ್ಕಪತ್ರ ವಿಭಾಗದವರ ಸಹಿ ಹಾಕಿಸಿ ಎತ್ತಿಡುತ್ತೇವೆ. ‘ಶೇಕಡಾ ಇಷ್ಟು’ ಎಂದು ಹೇಳುವಾಗ ಭಾಗಿಸಬೇಕಾದ ಒಟ್ಟು ಸಂಖ್ಯೆ ಅಂದೇ ನಿಗದಿಯಾಗಿಬಿಡುತ್ತದೆ. ಅದು ನಿಗದಿಯಾಗದೆ ಉಳಿದರೆ, ಫಲಿತಾಂಶ ನೋಡಿದ ಮೇಲೆ ಕಡಿಮೆ ಅಂಕ ಪಡೆದವರು ‘ಅವರು ಸರಿಯಾಗಿ ತರಗತಿಗೇ ಬರಲಿಲ್ಲ’ ಎಂಬ ಕಾರಣಕ್ಕೆ ಒಬ್ಬೊಬ್ಬರಾಗಿ ಪಟ್ಟಿಯಿಂದ ಜಾರತೊಡಗುತ್ತಾರೆ, ಒಂದು ತಿಂಗಳ ಟೆಸ್ಟ್ ಬರೆದು ಒಳ್ಳೆಯ ರ‍್ಯಾಂಕ್ ಪಡೆದವರು ‘ಅವರೂ ನಮ್ಮವರೇ ಅಲ್ಲವೇ’ ಎಂದು ಒಳಗೆ ಬರುತ್ತಾರೆ.

ನೀಟ್ ವಿಷಯದಲ್ಲಿ ಮೋಸ ಹೋಗುವುದು ‘ಅರ್ಹತೆ’ಯ ಅಂಕಿಯಲ್ಲಿ. ಸಾಮಾನ್ಯ ವರ್ಗಕ್ಕೆ 50ನೇ ಪರ್ಸೆಂಟೈಲ್, ಪರಿಶಿಷ್ಟ ಹಾಗೂ ಇತರೆ ಹಿಂದುಳಿದ ವರ್ಗಗಳಿಗೆ 40ನೇ ಪರ್ಸೆಂಟೈಲ್ ಅರ್ಹತೆಯ ಗೆರೆ. 2025ರಲ್ಲಿ ಪರೀಕ್ಷೆ ಬರೆದ ಸುಮಾರು 22 ಲಕ್ಷ ಮಂದಿಯಲ್ಲಿ 12 ಲಕ್ಷಕ್ಕೂ ಹೆಚ್ಚು ಮಂದಿ ಅರ್ಹರಾದರು. ದೇಶದ ಎಂಬಿಬಿಎಸ್ ಸೀಟುಗಳು ಅದರ ಹತ್ತಿರಕ್ಕೂ ಬರುವುದಿಲ್ಲ. ಹಾಗಾಗಿ ‘ಶೇಕಡಾ 90 ಮಂದಿ ನೀಟ್ ಅರ್ಹರು’ ಎಂಬ ಮಾತು ನಿಜವಾಗಿದ್ದರೂ, ಅದರ ಪಕ್ಕದಲ್ಲಿ ಸ್ಟೆತಸ್ಕೋಪ್ ಹಾಕಿಕೊಂಡ ಹುಡುಗನ ಚಿತ್ರವಿದ್ದರೆ ಆ ಪುಟ ಹೇಳುತ್ತಿರುವುದು ಬೇರೆಯದೇ ಮಾತು. ಎಷ್ಟು ಮಂದಿಗೆ ಸೀಟು ಸಿಕ್ಕಿತು ಎಂಬುದು ಕೌನ್ಸೆಲಿಂಗ್ ಮುಗಿದ ಮೇಲಷ್ಟೇ ತಿಳಿಯುತ್ತದೆ. ಫಲಿತಾಂಶದ ವಾರದ ಜಾಹೀರಾತಿನಲ್ಲಿ ಅದನ್ನು ಹೇಳಲು ಯಾರಿಗೂ ಸಾಧ್ಯವಿಲ್ಲ.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ನವೆಂಬರ್‌ನಲ್ಲಿ ಕೋಚಿಂಗ್ ಕ್ಷೇತ್ರದ ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ ಪ್ರತ್ಯೇಕ ಮಾರ್ಗಸೂಚಿಯನ್ನೇ ಹೊರಡಿಸಿತು. ಯುಪಿಎಸ್‌ಸಿ ತರಬೇತಿ ಸಂಸ್ಥೆಗಳು ಆಯ್ಕೆಯಾದವರೆಲ್ಲರ ಫೋಟೊ ಹಾಕಿಕೊಂಡಿದ್ದರೂ, ಅವರಲ್ಲಿ ಬಹಳಷ್ಟು ಮಂದಿ ಉಚಿತ ಸಂದರ್ಶನ ಮಾರ್ಗದರ್ಶನಕ್ಕೆ ಮಾತ್ರ ಬಂದಿದ್ದರು ಎಂಬುದು ಅದಕ್ಕೆ ಮೊದಲಿನ ತನಿಖೆಗಳಲ್ಲಿ ಗೊತ್ತಾಗಿತ್ತು. ಫೋಟೊದ ಜೊತೆ ಹೆಸರು, ರ‍್ಯಾಂಕ್, ತೆಗೆದುಕೊಂಡ ಕೋರ್ಸ್ ಮತ್ತು ಅದು ಶುಲ್ಕ ಕಟ್ಟಿದ ಕೋರ್ಸೇ ಎಂಬುದನ್ನು ತಿಳಿಸಬೇಕು ಎನ್ನುತ್ತದೆ ಮಾರ್ಗಸೂಚಿ. ನಮ್ಮ ದಿನನಿತ್ಯದ ಕೆಲಸವನ್ನು ಬದಲಿಸಿದ್ದು ಅದರ ಇನ್ನೆರಡು ಮಾತುಗಳು. ಒಂದು, ವಿದ್ಯಾರ್ಥಿಯ ಲಿಖಿತ ಒಪ್ಪಿಗೆಯನ್ನು ಯಶಸ್ಸಿನ ನಂತರವೇ ಪಡೆಯಬೇಕು. ಪ್ರವೇಶದ ಅರ್ಜಿಯ ಕೊನೆಯಲ್ಲಿ ‘ನನ್ನ ಫೋಟೊ ಬಳಸಲು ಒಪ್ಪಿದ್ದೇನೆ’ ಎಂಬ ಸಾಲಿಗೆ ಸಹಿ ಹಾಕಿಸಿಕೊಳ್ಳುವ ಹಳೆಯ ರೂಢಿ ಇದರಿಂದ ನಿರರ್ಥಕವಾಯಿತು. ಸಿಇಟಿ ಬರೆಯುವ ಬಹಳಷ್ಟು ಮಕ್ಕಳಿಗೆ ಹದಿನೆಂಟು ತುಂಬಿರುವುದಿಲ್ಲವಾದ್ದರಿಂದ ನಾವು ಪೋಷಕರ ಸಹಿಯನ್ನೂ ಪಡೆಯುತ್ತೇವೆ. ಎರಡನೆಯದು, ಹೇಳಿಕೆಗೆ ಸಂಬಂಧಿಸಿದ ಸ್ಪಷ್ಟೀಕರಣವೂ ಮುಖ್ಯ ವಿವರಗಳಷ್ಟೇ ದೊಡ್ಡ ಅಕ್ಷರದಲ್ಲಿರಬೇಕು. ನನ್ನ ದೃಷ್ಟಿಯಲ್ಲಿ ಬೇರೆಲ್ಲ ನಿಯಮಗಳಿಗಿಂತ ಇದೊಂದೇ ಹೆಚ್ಚು ಕೆಲಸ ಮಾಡುತ್ತದೆ. ‘60 ರ‍್ಯಾಂಕ್’ ಎಂದು ಮುಕ್ಕಾಲು ಪುಟ ತುಂಬಿಸಿ, ನಕ್ಷತ್ರ ಚಿಹ್ನೆ ಹಾಕಿ, ಕೆಳಗೆ ಇರುವೆ ಸಾಲಿನಂತೆ ‘ಎಲ್ಲ ವಿಭಾಗಗಳೂ ಸೇರಿ’ ಎಂದು ಬರೆಯುವ ದಾರಿಯನ್ನು ಅದು ಮುಚ್ಚುತ್ತದೆ. ಸ್ಪಷ್ಟೀಕರಣವನ್ನೂ ಅಷ್ಟೇ ದೊಡ್ಡದಾಗಿ ಹಾಕಬೇಕಾದಾಗ, ಹೇಳಿಕೆಯನ್ನೇ ಸರಿಪಡಿಸುವುದು ಮೇಲೆಂದು ವಿನ್ಯಾಸಕಾರರೇ ಹೇಳುತ್ತಾರೆ.

ಫಲಿತಾಂಶದ ದಿನ ವಿದ್ಯಾರ್ಥಿಗಳು ವಾಟ್ಸಾಪ್‌ನಲ್ಲಿ ಕಳಿಸುವ ಸ್ಕ್ರೀನ್‌ಶಾಟ್‌ಗಳನ್ನು ನಾವು ಅಭಿನಂದನೆ ಹೇಳಲು ಬಳಸುತ್ತೇವೆ, ಜಾಹೀರಾತಿಗೆ ಬಳಸುವುದಿಲ್ಲ. ವಿದ್ಯಾರ್ಥಿಯೇ ಪ್ರಾಧಿಕಾರದ ಜಾಲತಾಣದಿಂದ ತೆಗೆದುಕೊಟ್ಟ ಫಲಿತಾಂಶ ಪತ್ರವನ್ನು ಅರ್ಜಿ ಸಂಖ್ಯೆಯೊಂದಿಗೆ ತಾಳೆ ನೋಡಿದ ಮೇಲಷ್ಟೇ ರ‍್ಯಾಂಕ್ ದಾಖಲೆಗೆ ಸೇರುತ್ತದೆ. ಕಳೆದ ಸಲ ನಮ್ಮ ನಿರ್ದೇಶಕರು ಎದುರಿನ ಸಂಸ್ಥೆಯ ಫ್ಲೆಕ್ಸ್ ತೋರಿಸಿ, “ನೋಡ್ರಿ, ಅವರದು ನೂರರ ಮೇಲಿದೆ. ನಮ್ಮದನ್ನು ಇಷ್ಟು ಸಣ್ಣದಾಗಿ ಹಾಕಿದರೆ ಜನ ಏನಂದುಕೊಳ್ಳುತ್ತಾರೆ?” ಎಂದು ಕೇಳಿದರು. “ಸರ್, ಸಂಖ್ಯೆ ಬಿಡೋಣ. ಪ್ರತಿ ಮಗುವಿನ ಅತ್ಯುತ್ತಮ ರ‍್ಯಾಂಕ್ ಒಂದನ್ನೇ ಪಟ್ಟಿಯ ಹೆಸರಿನೊಂದಿಗೆ ಹಾಕೋಣ, ಬ್ಯಾಚಿನಲ್ಲಿ ಒಟ್ಟು ಎಷ್ಟು ಮಂದಿ ಇದ್ದರು ಎಂಬುದನ್ನೂ ಹಾಕೋಣ” ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ಪೋಷಕರು ಬಂದು ಕೇಳಿದರೆ ಇಡೀ ದಾಖಲೆಯನ್ನು ತೋರಿಸಬಹುದೇ ಎಂದು ವಿಚಾರಿಸಿದರು. ಬೇರೆ ಮಕ್ಕಳ ಹೆಸರು ಮರೆಮಾಡಿ ತೋರಿಸಬಹುದು ಎಂದ ಮೇಲೆ ಜಾಹೀರಾತಿಗೆ ಒಪ್ಪಿದರು.

ಹೀಗೆ ಪುಟದಿಂದ ತೆಗೆದುಹಾಕಿದ ಸಂಖ್ಯೆ ಫೋನಿನಲ್ಲಿ ಮತ್ತೆ ತಲೆಯೆತ್ತುವುದುಂಟು. ಪ್ರವೇಶಾತಿಗಾಗಿ ಮನೆಮನೆಗೆ ಕರೆ ಮಾಡುವ ಸಿಬ್ಬಂದಿಗೆ ದಿನದ ಗುರಿ ಇರುತ್ತದೆ. ‘ನಮ್ಮಲ್ಲಿ ಅರವತ್ತು ರ‍್ಯಾಂಕ್ ಬಂದಿದೆ, ಇನ್ನು ನಾಲ್ಕೇ ಸೀಟು ಉಳಿದಿವೆ’ ಎಂದು ಹೇಳಿದರೆ ಪೋಷಕರು ಬೇಗ ಒಪ್ಪುತ್ತಾರೆ ಎಂಬುದು ಅವರಿಗೆ ತಿಳಿದಿದೆ. ಇಲ್ಲದ ಅವಸರವನ್ನು ಹುಟ್ಟಿಸುವುದನ್ನೂ ಅದೇ ಮಾರ್ಗಸೂಚಿ ನಿಷೇಧಿಸಿದೆ. ಜಾಹೀರಾತಿಗೆ ಹೋದ ಅದೇ ಹಾಳೆಯನ್ನು ಈಗ ಅವರ ಮೇಜಿನ ಮೇಲೂ ಇಡುತ್ತೇವೆ, ಅದರಲ್ಲಿಲ್ಲದ ಅಂಕಿಯನ್ನು ಫೋನಿನಲ್ಲಿ ಹೇಳುವಂತಿಲ್ಲ. ಸೀಟು ಎಷ್ಟಿದೆ ಎಂದು ಯಾರಾದರೂ ಕೇಳಿದರೆ, ಆ ದಿನ ಬೆಳಿಗ್ಗೆ ಕಚೇರಿಯಿಂದ ಬಂದ ಲೆಕ್ಕವನ್ನು ನೋಡಿಯೇ ಉತ್ತರಿಸುತ್ತಾರೆ.