ಮೊದಲ ಲೋಟದವರೆಗೆ ಏರಿದ ದಿನ

ಹಾಸನದ ಆ ಕಾಫಿಪುಡಿ ಅಂಗಡಿಯ ಮಹಡಿಗೆ ಹೋದಾಗ, ಯಜಮಾನರು ಹೇಳಬೇಕಾದ್ದನ್ನೆಲ್ಲ ಹಾಳೆಯಲ್ಲಿ ಬರೆದಿಟ್ಟಿದ್ದರು. ಪೀಬೆರಿ ಬೀಜ. ದಿನಾ ಬೆಳಿಗ್ಗೆ ಹುರಿಯುವುದು. 80 ಭಾಗ ಕಾಫಿ, 20 ಭಾಗ ಚಿಕೋರಿ. ಅಪ್ಪನ ಕಾಲದ ಹುರಿಯುವ ಯಂತ್ರ. ಹೊಸ ಪ್ಯಾಕೆಟ್ ಮಾಡಿಸುವ ಮೊದಲು, ಕೊಳ್ಳುವವರಿಗೆ ತಮ್ಮ ಪುಡಿ ಯಾಕೆ ಬೇಕು ಎಂಬುದನ್ನು ಮೆಟ್ಟಿಲು ಮೆಟ್ಟಿಲಾಗಿ ಬರೆಯುವ ಬ್ರ್ಯಾಂಡ್ ಪಿರಮಿಡ್ ಹಾಕಿ ನೋಡೋಣ ಎಂದು ನನ್ನನ್ನು ಕರೆಸಿದ್ದರು.

ಗೋಡೆಗೆ ದೊಡ್ಡ ಹಾಳೆ ಅಂಟಿಸಿ ತ್ರಿಕೋನ ಬರೆದೆ. ತಳದಲ್ಲಿ ವಸ್ತುವಿನ ಗುಣ. ಅದರ ಮೇಲೆ, ಆ ಗುಣದಿಂದ ಕೊಂಡವರಿಗೆ ಆಗುವ ಉಪಯೋಗ. ಅದರ ಮೇಲೆ, ಆ ಉಪಯೋಗದಿಂದ ಮನಸ್ಸಿಗೆ ಸಿಗುವುದು. ತುದಿಯಲ್ಲಿ ಎರಡು ಮೂರು ಪದದ ತಿರುಳು. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಹೋಗಲು ಇರುವುದು ಒಂದೇ ಪ್ರಶ್ನೆ: 'ಅದರಿಂದ ಏನಾಯ್ತು?'

ಯಜಮಾನರು ಚಿಕೋರಿಯಿಂದ ಶುರು ಮಾಡಿದರು. ಕಾನೂನಿನ ಪ್ರಕಾರ 49 ಭಾಗದವರೆಗೂ ಚಿಕೋರಿ ಬೆರೆಸಬಹುದು, ತಾವು 20ಕ್ಕೇ ನಿಲ್ಲಿಸುತ್ತೇವೆ ಎಂಬ ಹೆಮ್ಮೆ ಅವರಿಗೆ. ಅದರಿಂದ ಏನಾಯ್ತು? ಕಾಫಿಯ ರುಚಿ ಜಾಸ್ತಿ. ಅದರಿಂದ? ಕುಡಿದವರಿಗೆ ಖುಷಿ. ಅದರಿಂದ? 'ಮನೆಮಂದಿಯ ಪ್ರೀತಿ' ಎಂದರು ಅವರ ಸೊಸೆ. ಐದೇ ನಿಮಿಷದಲ್ಲಿ ತುದಿ ಮುಟ್ಟಿದ್ದೆವು. ಆದರೆ 'ಮನೆಮಂದಿಯ ಪ್ರೀತಿ' ಎಂಬುದನ್ನು ಉಪ್ಪಿನಕಾಯಿ ಡಬ್ಬಿಯ ಮೇಲೂ ಬರೆಯಬಹುದು, ಅಲ್ವಾ? ಬೇರೆಯವರ ಹೆಸರು ಹಾಕಿ ಓದಿದಾಗಲೂ ಸರಿ ಅನ್ನಿಸಿದರೆ ಏಣಿ ಎಲ್ಲೋ ಮುರಿದಿದೆ ಎಂದೇ ಅರ್ಥ. 'ರುಚಿ'ಯಿಂದ 'ಖುಷಿ'ಗೆ ನೆಗೆದ ಕಡೆ ನಮ್ಮದು ಮುರಿದಿತ್ತು. ಅಲ್ಲಿ ಕೊಳ್ಳುವವರ ಮಾತು ಒಂದೂ ಇರಲಿಲ್ಲ.

ಹಾಳೆ ಬಿಟ್ಟು ಕೆಳಗಿಳಿದು ಗಲ್ಲಾದ ಪಕ್ಕ ನಿಂತೆ. ಅರ್ಧ ಕೆಜಿ ಪುಡಿ ಕೊಳ್ಳುತ್ತಿದ್ದ ಹೆಂಗಸೊಬ್ಬರನ್ನು ಕೇಳಿದೆ, "ಅಕ್ಕ, ಇಲ್ಲೇ ಯಾಕೆ ತಗೋತೀರ?"

"ಇಲ್ಲಿನ ಪುಡೀಲಿ ಡಿಕಾಕ್ಷನ್ ದಿನಾ ಒಂದೇ ಥರ ಇಳಿಯುತ್ತೆ."

"ಇಳಿಯದಿದ್ರೆ ಏನಾಗುತ್ತೆ?"

"ಫಿಲ್ಟರ್ ಕಟ್ಕೊಂಡ್ರೆ ತಟ್ಟುತ್ತಾ ನಿಂತ್ಕೋಬೇಕು. ಅಷ್ಟೊತ್ತಿಗೆ ಮಕ್ಳು ಏಳ್ತವೆ, ಮಾವ ಕಾಫಿ ಕೇಳ್ತಾರೆ."

"ಸರಿಯಾಗಿ ಇಳಿದ್ರೆ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮೊದಲ್ನೇ ಲೋಟ ನಂದು ಕಣಮ್ಮ. ಕಟ್ಟೆ ಮೇಲೆ ಕೂತು ಕುಡೀತೀನಿ. ಆಮೇಲೆ ರಾತ್ರಿವರೆಗೂ ಕೂರೋಕೆ ಆಗಲ್ಲ."

ನನ್ನ ಮೈ ಜುಮ್ಮೆಂದಿತು. ಮೇಲಿನ ಎರಡು ಮೆಟ್ಟಿಲು ಅವರ ಮಾತಿನಲ್ಲೇ ಇದ್ದವು.

ಒಬ್ಬರ ಮಾತನ್ನೇ ನಂಬಿ ಪಿರಮಿಡ್ ಕಟ್ಟಬಾರದು. ಮಧ್ಯಾಹ್ನದವರೆಗೆ ಇನ್ನೂ ಹನ್ನೊಂದು ಜನರನ್ನು ಕೇಳಿದೆ. ಮನೆಗೆ ಒಯ್ಯುವವರಲ್ಲಿ ಹೆಚ್ಚಿನವರು ಬೇರೆ ಬೇರೆ ಮಾತಿನಲ್ಲಿ ಅದನ್ನೇ ಹೇಳಿದರು. ಹೋಟೆಲಿನವರು ಮೂವರು ಮಾತ್ರ ಕೆಜಿಗೆ ಎಷ್ಟು ಲೋಟ ಬರುತ್ತದೆ ಎಂಬುದನ್ನೇ ಹೇಳಿದರು. ಅವರದು ಬೇರೆಯೇ ಏಣಿ. ಎರಡನ್ನೂ ಒಂದೇ ತ್ರಿಕೋನಕ್ಕೆ ತುರುಕಿದರೆ ತುದಿಯ ಮಾತು ಯಾರಿಗೂ ತಾಕುವುದಿಲ್ಲ. ಪ್ಯಾಕೆಟ್ ಮನೆಗೆ ಹೋಗುವಂಥದ್ದು, ಹಾಗಾಗಿ ಮನೆಯವರ ಏಣಿಯನ್ನೇ ಇಟ್ಟುಕೊಂಡೆವು.

ಆಮೇಲೆ ಮೇಲಿನಿಂದ ಕೆಳಕ್ಕೆ ಇಳಿದೆವು. ಇಳಿಯುವಾಗ ಪ್ರಶ್ನೆ 'ಅದು ಹೇಗೆ ಆಗುತ್ತೆ?' ಬೆಳಗಿನ ಆ ಸ್ವಂತ ಹೊತ್ತು ಹೇಗೆ ಸಿಗುತ್ತದೆ? ಪಕ್ಕದಲ್ಲಿ ನಿಂತು ಕಾಯಬೇಕಿಲ್ಲದ್ದರಿಂದ. ಅದು ಹೇಗೆ? ಡಿಕಾಕ್ಷನ್ ದಿನಾ ಒಂದೇ ಹದದಲ್ಲಿ ಇಳಿಯುವುದರಿಂದ. ಅದು? ಯಜಮಾನರು ತಟ್ಟನೆ ಹೇಳಿದರು, "ಬೀಸೋದ್ರಲ್ಲಿದೆ ಮೇಡಂ. ನುಣ್ಣಗಾದ್ರೆ ಫಿಲ್ಟರ್ ಕಟ್ಟುತ್ತೆ, ತರಿಯಾದ್ರೆ ನೀರು ಸುಮ್ನೆ ಹರಿದು ತೆಳ್ಳಗಾಗುತ್ತೆ. ನಾನು ದಿನಾ ಬೆರಳಲ್ಲಿ ಉಜ್ಜಿ ನೋಡಿ ಗಿರಣಿ ಬಿಗಿ ಮಾಡ್ತೀನಿ."

ಅವರ ಹಾಳೆಯಲ್ಲಿ ಬೀಸುವ ಹದದ ಮಾತೇ ಇರಲಿಲ್ಲ! ಅವರಿಗೆ ಅದು ಉಸಿರಾಡಿದಷ್ಟು ಸಹಜ. ತಳದ ಪಟ್ಟಿಯನ್ನು ಮಾಡುವವರು ತಮ್ಮ ಹೆಮ್ಮೆಯನ್ನು ಬರೆಯುತ್ತಾರೆ. ಕೊಳ್ಳುವವರಿಗೆ ಬೇಕಾದ ಗುಣ ಎಷ್ಟೋ ಸಲ ಅದರಲ್ಲಿ ಇರುವುದೇ ಇಲ್ಲ. ಏರಿದ ಮೇಲೆ ಮತ್ತೆ ಇಳಿಯಬೇಕಾದದ್ದು ಇದಕ್ಕೇ.

ತುದಿಯಲ್ಲಿ 'ತಪ್ಪದ ಮೊದಲ ಲೋಟ' ಎಂದು ಬರೆದೆವು. ಇದು ಜಾಹೀರಾತಿನ ಸಾಲಲ್ಲ, ಪ್ಯಾಕೆಟ್ ಮೇಲೆ ಅಚ್ಚಾಗುವುದೂ ಇಲ್ಲ. ಅಂಗಡಿಯವರು ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಅಳೆಯುವ ಮಾತು. ಉಪ್ಪಿನಕಾಯಿಗೆ ಇದು ಹೊಂದುವುದಿಲ್ಲ. ಇನ್‌ಸ್ಟಂಟ್ ಕಾಫಿಗೂ ಹೊಂದುವುದಿಲ್ಲ, ಅಲ್ಲಿ ಇಳಿಯುವುದೂ ಇಲ್ಲ, ಕಟ್ಟುವುದೂ ಇಲ್ಲ.

ಸಂಜೆಯೊಳಗೆ ಪ್ಯಾಕೆಟ್ಟಿನ ನಕ್ಷೆಯಿಂದ ತೋಟದ ಚಿತ್ರ ಹೋಯಿತು. ಆ ಜಾಗಕ್ಕೆ ಫಿಲ್ಟರಿಗೆ ಎಷ್ಟು ಚಮಚ ಪುಡಿ, ಎಷ್ಟು ನೀರು ಎಂಬ ಅಳತೆ ಬಂತು. ಚಿಕೋರಿಯ ಲೆಕ್ಕ ಕಾನೂನಿನಂತೆ ಇರಲೇಬೇಕು, ಅದು ಹಾಗೇ ಉಳಿಯಿತು. ಸೊಸೆಗೆ ಒಂದು ಚಿಂತೆ ಬಾಕಿ ಇತ್ತು: "ಮಾವ, ನೀವು ಊರಲ್ಲಿ ಇಲ್ಲದ ದಿನ ಬೆರಳಲ್ಲಿ ನೋಡೋರು ಯಾರು?"

ಯಜಮಾನರು ಎದ್ದು ಗಿರಣಿಯ ಹತ್ತಿರ ಹೋದರು. ಅಂದಿನ ಪುಡಿಯನ್ನು ಒಂದು ಚಿಟಿಕೆ ತೆಗೆದು ಸೊಸೆಯ ಅಂಗೈಗೆ ಹಾಕಿದರು. "ಉಜ್ಜಿ ನೋಡು" ಎಂದರು.